ಕರಾರಿನ ಕೊನೆಯ ಪುಟದ ಮೂರನೆಯ ಕಾನೂನು

2021ರ ಮಾರ್ಚ್ 3ರಂದು ಮುಂಬೈನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಒಂದು ಅರ್ಜಿ ಬಂತು. ಸಲ್ಲಿಸಿದವರು ಅನುಪಮ್ ಮಿತ್ತಲ್. ಶಾದಿ ಡಾಟ್ ಕಾಮ್ ಜಾಲತಾಣ ಕಟ್ಟಿದವರು. ಟಿವಿಯಲ್ಲಿ ‘ಶಾರ್ಕ್ ಟ್ಯಾಂಕ್ ಇಂಡಿಯಾ’ ನೋಡುವವರಿಗೆ ಮುಖಪರಿಚಯವೂ ಇದ್ದೀತು. ಅವರ ಎದುರಿಗಿದ್ದದ್ದು ವೆಸ್ಟ್‌ಬ್ರಿಜ್ ಎಂಬ ಹೂಡಿಕೆ ನಿಧಿ. ಮಾರಿಷಸ್‌ನಲ್ಲಿ ನೋಂದಣಿಯಾದ ಈ ನಿಧಿ 2006ರಲ್ಲಿ ಜಾಲತಾಣ ನಡೆಸುವ ಪೀಪಲ್ ಇಂಟರಾಕ್ಟಿವ್ ಕಂಪನಿಯಲ್ಲಿ ಹಣ ಹಾಕಿತ್ತು. ವರ್ಷಗಳು ಕಳೆದ ಮೇಲೆ ವೆಸ್ಟ್‌ಬ್ರಿಜ್ ತನ್ನ ಪಾಲು ಬಿಡಿಸಿಕೊಂಡು ಹೊರನಡೆಯಲು ನೋಡಿತು, ಸಂಬಂಧ ಹಳಸಿತು. ಕಂಪನಿಯೊಳಗೆ ತಮ್ಮ ಮೇಲೆ ದಬ್ಬಾಳಿಕೆ ನಡೆಯುತ್ತಿದೆ, ಆಡಳಿತ ಹಳಿ ತಪ್ಪಿದೆ ಎಂಬುದು ಮಿತ್ತಲ್ ಅವರ ದೂರು.

ಅರ್ಜಿ ಸಲ್ಲಿಕೆಯಾಗಿ ಎರಡು ವಾರ ತುಂಬುವ ಮೊದಲೇ ಸಿಂಗಪುರದ ಹೈಕೋರ್ಟ್ ಒಂದು ತಡೆಯಾಜ್ಞೆ ಹೊರಡಿಸಿತು. ಮುಂಬೈನಲ್ಲಿ ಹೂಡಿದ ಪ್ರಕರಣವನ್ನು ಮಿತ್ತಲ್ ಮುಂದುವರಿಸಕೂಡದು, ಜಗಳವೇನಿದ್ದರೂ ಸಿಂಗಪುರದಲ್ಲಿ ಆರ್ಬಿಟ್ರೇಶನ್‌ಗೆ ಹೋಗಲಿ ಎಂದು ವೆಸ್ಟ್‌ಬ್ರಿಜ್ ಕೇಳಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ತಡೆ ಶಾಶ್ವತವಾಯಿತು. ಸಿಂಗಪುರದ ಕೋರ್ಟು ಮುಂಬೈನ ನ್ಯಾಯಮಂಡಳಿಗೆ ಆಜ್ಞೆ ಮಾಡಲಾರದು, ಮಾಡಲೂ ಇಲ್ಲ. ಅದು ಆಜ್ಞೆ ಮಾಡಿದ್ದು ವ್ಯಕ್ತಿಗೆ. ಮೀರಿದರೆ ನ್ಯಾಯಾಂಗ ನಿಂದನೆ.

ಭಾರತೀಯ ಕಂಪನಿಯ ಒಳಜಗಳ ಭಾರತದ ನ್ಯಾಯಮಂಡಳಿಯ ಮುಂದಿರುವಾಗ ಸಿಂಗಪುರ ನಡುವೆ ಬರಲು ದಾರಿ ಮಾಡಿದ್ದು 2006ರ ಷೇರುದಾರರ ಕರಾರು. ಅದರ ಇಪ್ಪತ್ತನೆಯ ಕಲಮಿನಲ್ಲಿ ಎರಡು ಮಾತುಗಳಿದ್ದವು. ಈ ಕರಾರು ಮತ್ತು ಅದರ ಪಾಲನೆ ಭಾರತದ ಕಾನೂನಿಗೆ ಒಳಪಟ್ಟಿದೆ ಎಂಬುದು ಒಂದು. ಕಂಪನಿಯ ಆಡಳಿತಕ್ಕೆ ಸಂಬಂಧಿಸಿದ ಅಥವಾ ಕರಾರಿನ ಯಾವುದೇ ವಿಷಯದ ವಿವಾದ ಮಾತುಕತೆಯಲ್ಲಿ ಬಗೆಹರಿಯದಿದ್ದರೆ, ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಗಳಂತೆ ಸಿಂಗಪುರದಲ್ಲಿ ಆರ್ಬಿಟ್ರೇಶನ್ ನಡೆಯಬೇಕು ಎಂಬುದು ಇನ್ನೊಂದು. ಬೆಂಗಳೂರಿನ ಸ್ಟಾರ್ಟಪ್‌ಗಳು ವಿದೇಶಿ ಹೂಡಿಕೆದಾರರೊಡನೆ ಮಾಡಿಕೊಳ್ಳುವ ಕರಾರುಗಳಲ್ಲೂ ಈ ಜೋಡಿ ಸಾಮಾನ್ಯ. ಕಾನೂನು ಇಲ್ಲಿಯದು, ಪಂಚಾಯ್ತಿಕಟ್ಟೆ ಅಲ್ಲಿಯದು. ಎರಡೂ ಕಡೆಯವರಿಗೆ ಒಂದೊಂದು ಸಿಕ್ಕಿತೆಂಬ ಸಮಾಧಾನದಲ್ಲಿ ಸಹಿ ಬೀಳುತ್ತದೆ.

ಆದರೆ ಇಂಥ ಕರಾರಿನಲ್ಲಿ ಮೂರನೆಯ ಕಾನೂನೊಂದು ಅಡಗಿ ಕೂತಿರುತ್ತದೆ. ಸಾಲ ಎಷ್ಟು, ಷೇರು ಯಾರದು, ಮಾತು ಮುರಿದರೆ ಪರಿಹಾರವೇನು ಎಂಬುದನ್ನೆಲ್ಲ ಮೂಲ ಕರಾರಿನ ಕಾನೂನು ಹೇಳುತ್ತದೆ. ಆರ್ಬಿಟ್ರೇಶನ್ ಹೇಗೆ ನಡೆಯಬೇಕು, ಅದರ ಮೇಲೆ ಯಾವ ಕೋರ್ಟು ಕಣ್ಣಿಡಬೇಕು, ಐತೀರ್ಪನ್ನು ಎಲ್ಲಿ ಪ್ರಶ್ನಿಸಬೇಕು ಎಂಬುದನ್ನು ಸೀಟ್‌ನ, ಅಂದರೆ ಕರಾರಿನಲ್ಲಿ ಹೆಸರಿಸಿದ ಸ್ಥಳದ ಕಾನೂನು ನೋಡಿಕೊಳ್ಳುತ್ತದೆ. ಉಳಿದದ್ದು ‘ಕೋರ್ಟಿಗೆ ಹೋಗದೆ ಮಧ್ಯಸ್ಥಗಾರರ ಮುಂದೆ ಹೋಗುತ್ತೇವೆ’ ಎಂಬ ಒಪ್ಪಂದ. ಆ ಒಪ್ಪಂದ ಸಿಂಧುವೇ, ಅದಕ್ಕೆ ಯಾರು ಬದ್ಧರು, ಯಾವ ಜಗಳ ಅದರೊಳಗೆ ಬರುತ್ತದೆ ಎಂದು ಅಳೆಯುವುದಕ್ಕೂ ಒಂದು ಕಾನೂನು ಬೇಕು. ಅದು ಯಾವುದೆಂದು ಬಹುಪಾಲು ಕರಾರುಗಳು ಹೇಳುವುದೇ ಇಲ್ಲ.

ಒಂದೇ ಕಾಗದದೊಳಗಿನ ಒಂದು ಕಲಮಿಗೆ ಬೇರೆ ಕಾನೂನೇಕೆ ಎಂದು ಯಾರಿಗಾದರೂ ಅನಿಸುತ್ತದೆ. ಮೋಸ ಮಾಡಿ ಸಹಿ ಹಾಕಿಸಿಕೊಂಡರು, ಕರಾರೇ ಅನೂರ್ಜಿತ ಎಂದು ಒಬ್ಬರು ತಕರಾರು ತೆಗೆದರು ಎನ್ನಿ. ಕರಾರಿನ ಜೊತೆಗೆ ಆರ್ಬಿಟ್ರೇಶನ್ ಕಲಮೂ ಬಿದ್ದುಹೋಗುವುದಾದರೆ ಆ ತಕರಾರನ್ನು ವಿಚಾರಿಸಲು ಮಧ್ಯಸ್ಥಗಾರರೇ ಉಳಿಯುವುದಿಲ್ಲ. ಆದ್ದರಿಂದ ಈ ಕಲಮನ್ನು ಸ್ವತಂತ್ರ ಒಪ್ಪಂದವೆಂದು ನೋಡುವ ಪದ್ಧತಿ ಜಗತ್ತಿನ ಬಹುತೇಕ ಕಡೆ ಇದೆ. ನಮ್ಮ 1996ರ ಆರ್ಬಿಟ್ರೇಶನ್ ಕಾಯ್ದೆಯ 16ನೆಯ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಒಮ್ಮೆ ಸ್ವತಂತ್ರ ಎಂದ ಮೇಲೆ ಅದಕ್ಕೆ ತನ್ನದೇ ಕಾನೂನು ಇರಲು ಅಡ್ಡಿಯಿಲ್ಲ. ವಕೀಲರಿಗೆ ಕೆಲಸ ಹುಟ್ಟಿದ್ದೂ ಅಲ್ಲಿಂದಲೇ.

ಮಿತ್ತಲ್ ಪ್ರಕರಣದಲ್ಲಿ ಈ ಮೂರನೆಯ ಕಾನೂನಿನ ಮೇಲೆ ಬಹಳಷ್ಟು ನಿಂತಿತ್ತು. ದಬ್ಬಾಳಿಕೆ ಮತ್ತು ದುರಾಡಳಿತದ ದೂರು ನಮ್ಮಲ್ಲಿ ಕಂಪನಿ ಕಾಯ್ದೆಯ 241 ಮತ್ತು 242ನೆಯ ಸೆಕ್ಷನ್‌ಗಳಡಿ ಬರುತ್ತದೆ. ದೂರು ನಿಜವೆಂದು ಕಂಡರೆ ನ್ಯಾಯಮಂಡಳಿ ಕಂಪನಿಯ ಮುಂದಿನ ಆಡಳಿತ ಹೇಗಿರಬೇಕೆಂದು ವಿಧಿಸಬಹುದು, ನಿರ್ದೇಶಕರನ್ನು ತೆಗೆಯಬಹುದು, ಒಬ್ಬರ ಷೇರನ್ನು ಇನ್ನೊಬ್ಬರು ಕೊಳ್ಳಬೇಕೆಂದು ಆಜ್ಞೆ ಮಾಡಬಹುದು. ಮಧ್ಯಸ್ಥಗಾರನ ಅಧಿಕಾರ ಹುಟ್ಟುವುದು ಸಹಿ ಹಾಕಿದವರ ಒಪ್ಪಿಗೆಯಿಂದ. ಶಾಸನ ನ್ಯಾಯಮಂಡಳಿಯ ಕೈಗೆ ಕೊಟ್ಟ ಇಂಥ ಅಧಿಕಾರ ಅವನಿಗೆ ಇಲ್ಲ. ಈ ಕಾರಣಕ್ಕೆ ಇಂಥ ದೂರನ್ನು ಆರ್ಬಿಟ್ರೇಶನ್‌ಗೆ ಕಳಿಸಲಾಗದು ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ರಾಕೇಶ್ ಮಲ್ಹೋತ್ರಾ ಪ್ರಕರಣದಲ್ಲಿ ಹೇಳಿತ್ತು. ಕರಾರಿನ ಸಾಮಾನ್ಯ ಜಗಳಕ್ಕೆ ದಬ್ಬಾಳಿಕೆಯ ವೇಷ ತೊಡಿಸಿ ತಂದಿದ್ದರೆ ಮಾತು ಬೇರೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಸಿಂಗಪುರದ ನಿಲುವು ತದ್ವಿರುದ್ಧ. ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2015ರ ಟೊಮೊಲುಗೆನ್ ತೀರ್ಪಿನಲ್ಲಿ, ಷೇರುದಾರರ ಮೇಲಿನ ದಬ್ಬಾಳಿಕೆಯ ಜಗಳವನ್ನು ಮಧ್ಯಸ್ಥಗಾರರು ತೀರ್ಮಾನಿಸಬಹುದು ಎಂದಿತು. ಅವರು ಕೊಡಲಾಗದ ಪರಿಹಾರ ಕೆಲವಿರಬಹುದು. ಕಂಪನಿ ಮುಚ್ಚಿಸುವ ಆಜ್ಞೆ ಅಂಥದ್ದು. ಅಷ್ಟರಿಂದಲೇ ಜಗಳವೇ ಅವರ ಕೈಗೆ ಹೋಗಬಾರದು ಎಂದಾಗುವುದಿಲ್ಲ. ನಡೆದದ್ದೇನು ಎಂದು ಅವರು ತೀರ್ಮಾನಿಸಲಿ, ಕೋರ್ಟಿನಿಂದ ಮಾತ್ರ ಸಿಗುವ ಪರಿಹಾರವನ್ನು ಆಮೇಲೆ ಕೋರ್ಟಿನಲ್ಲಿ ಕೇಳಲಿ ಎಂಬ ದೃಷ್ಟಿ ಅದು. ಸಿಂಗಪುರದ ಈ ವಾದ ಹೆಚ್ಚು ಬಿಗಿಯಾದದ್ದು ಎಂದು ನನಗನಿಸುತ್ತದೆ. ಆದರೆ ನಮ್ಮ ಕಾನೂನು ಅದಲ್ಲ.

ಮಿತ್ತಲ್ ಮೇಲ್ಮನವಿ ಹಾಕಿದರು. 2023ರ ಜನವರಿಯಲ್ಲಿ ಬಂದ ತೀರ್ಪು ಅವರಿಗೆ ಮೊದಲು ಒಂದು ಅಂಶವನ್ನು ಬಿಟ್ಟುಕೊಟ್ಟಿತು. ಒಂದು ಬಗೆಯ ಜಗಳ ಆರ್ಬಿಟ್ರೇಶನ್‌ಗೆ ಹೋಗಬಹುದೇ ಎಂದು ನೋಡಲು ಸೀಟ್‌ನ ಕಾನೂನೊಂದೇ ಸಾಕು ಎಂದಿತ್ತು ಕೆಳಗಿನ ಕೋರ್ಟು. ಸಾಲದು, ಎಂದಿತು ಮೇಲ್ಮನವಿ ನ್ಯಾಯಾಲಯ. ಮೊದಲು ಆರ್ಬಿಟ್ರೇಶನ್ ಒಪ್ಪಂದದ ಸ್ವಂತ ಕಾನೂನು ಒಪ್ಪಬೇಕು. ಆಮೇಲೆ ಸೀಟ್‌ನ ಕಾನೂನೂ ಒಪ್ಪಬೇಕು. ಎರಡರಲ್ಲಿ ಒಂದು ಬೇಡವೆಂದರೂ ಬಾಗಿಲು ಮುಚ್ಚಿತು. ಸಿಂಗಪುರದ ಕಾನೂನು ಒಪ್ಪುವುದು ಗೊತ್ತೇ ಇತ್ತು. ಹಾಗಾಗಿ ಒಪ್ಪಂದದ ಸ್ವಂತ ಕಾನೂನು ಭಾರತದ್ದು ಎಂದಾದರೆ ಮಿತ್ತಲ್ ಗೆದ್ದಂತೆ. ಸಿಂಗಪುರದ್ದು ಎಂದಾದರೆ ಸೋತಂತೆ.

ಇದನ್ನು ಹುಡುಕಲು ಅಲ್ಲಿಯ ಕೋರ್ಟುಗಳು ಮೂರು ಮೆಟ್ಟಿಲು ಹತ್ತುತ್ತವೆ. ಆರ್ಬಿಟ್ರೇಶನ್ ಒಪ್ಪಂದಕ್ಕೆ ಇಂಥದೇ ಕಾನೂನು ಎಂದು ಪಕ್ಷಗಾರರು ಬಾಯಿಬಿಟ್ಟು ಹೇಳಿದ್ದಾರೆಯೇ ಎಂಬುದು ಮೊದಲನೆಯದು. ಹೇಳಿದ್ದಾರಲ್ಲ, ‘ಈ ಕರಾರು’ ಅಂದರೆ ಅದರೊಳಗಿನ ಎಲ್ಲ ಕಲಮೂ ಸೇರಿತು ಎಂದು ಮಿತ್ತಲ್ ಕಡೆಯ ವಾದ. ಸಾಮಾನ್ಯ ಓದುಗರಿಗೂ ಹಾಗೇ ಕಾಣುತ್ತದೆ. ಕೋರ್ಟು ಒಪ್ಪಲಿಲ್ಲ. ಇಡೀ ಕರಾರಿಗೆ ಹೇಳಿದ ಮಾತು ಆರ್ಬಿಟ್ರೇಶನ್ ಒಪ್ಪಂದಕ್ಕೆಂದೇ ಹೇಳಿದ ಸ್ಪಷ್ಟ ಮಾತಾಗುವುದಿಲ್ಲ ಎಂದಿತು.

ಬಾಯಿಬಿಟ್ಟು ಹೇಳದಿದ್ದರೆ ಮನಸ್ಸಿನಲ್ಲಿದ್ದದ್ದೇನು ಎಂಬುದು ಎರಡನೆಯ ಮೆಟ್ಟಿಲು. ಇಲ್ಲಿ ಆರಂಭದ ಊಹೆ ಮಿತ್ತಲ್ ಪರವಾಗಿಯೇ ಇತ್ತು. ಮೂಲ ಕರಾರಿಗೆ ಭಾರತದ ಕಾನೂನನ್ನು ಆರಿಸಿದವರು ಅದರೊಳಗಿನ ಕಲಮಿಗೂ ಅದನ್ನೇ ಬಯಸಿರುತ್ತಾರೆ ಎಂಬುದು ಆ ಊಹೆ. ಆದರೆ ಅದು ಬರೀ ಊಹೆ, ಎದುರು ಸಾಕ್ಷ್ಯವಿದ್ದರೆ ಬೀಳುತ್ತದೆ. ಕೋರ್ಟು ಬೊಟ್ಟು ಮಾಡಿದ್ದು ಕಲಮಿನಲ್ಲಿದ್ದ ‘ಕಂಪನಿಯ ಆಡಳಿತಕ್ಕೆ ಸಂಬಂಧಿಸಿದ ವಿವಾದ’ ಎಂಬ ಮಾತಿನತ್ತ. ಆಡಳಿತದ ಜಗಳವೂ ಆರ್ಬಿಟ್ರೇಶನ್‌ಗೇ ಹೋಗಬೇಕೆಂದು ಇವರು ಬರೆದುಕೊಂಡಿದ್ದಾರೆ. ಭಾರತದ ಕಾನೂನನ್ನು ಹಚ್ಚಿದರೆ ಅಂಥ ಜಗಳದ ಮುಖ್ಯ ಬಗೆಯೇ ಹೊರಗುಳಿಯುತ್ತದೆ. ತಾವು ಬರೆದದ್ದನ್ನು ತಾವೇ ಕೆಡಿಸುವ ಕಾನೂನನ್ನು ಇವರು ಬಯಸಿದ್ದರೆನ್ನುವುದು ಹೇಗೆ? ಊಹೆ ಬಿತ್ತು.

ಉಳಿದದ್ದು ಮೂರನೆಯ ಮೆಟ್ಟಿಲು. ಪಕ್ಷಗಾರರ ಆಯ್ಕೆ ಯಾವ ರೀತಿಯಲ್ಲೂ ಸಿಗದಿದ್ದರೆ ಒಪ್ಪಂದಕ್ಕೆ ಅತ್ಯಂತ ಹತ್ತಿರದ ನಂಟು ಯಾವ ದೇಶದ ಕಾನೂನಿನೊಡನೆ ಇದೆ ಎಂದು ನೋಡುವುದು. ಆರ್ಬಿಟ್ರೇಶನ್ ನಡೆಯುವುದೇ ಸಿಂಗಪುರದಲ್ಲಿ, ಹಾಗಾಗಿ ಅಲ್ಲಿಯ ಕಾನೂನು. ಎರಡು ಕಾನೂನನ್ನೂ ಕೇಳಬೇಕೆಂದು ಹೊರಟ ಕೋರ್ಟು ಕೊನೆಗೆ ಎರಡೂ ಸಿಂಗಪುರದ್ದೇ ಎಂಬಲ್ಲಿಗೆ ಬಂದು ನಿಂತಿತು. ತಡೆಯಾಜ್ಞೆ ಉಳಿಯಿತು.

ಒಪ್ಪಂದ ಉಳಿಯುವಂತೆ ಅದನ್ನು ಓದಬೇಕು ಎಂಬುದು ವಾಣಿಜ್ಯ ಕೋರ್ಟುಗಳ ಹಳೆಯ ಒಲವು, ತಪ್ಪೇನಲ್ಲ. ಆದರೂ ಎರಡನೆಯ ಮೆಟ್ಟಿಲಿನಲ್ಲಿ ಒಂದು ಬಿರುಕು ಕಾಣುತ್ತದೆ. ಸಹಿ ಬಿದ್ದದ್ದು 2006ರಲ್ಲಿ, ರಾಕೇಶ್ ಮಲ್ಹೋತ್ರಾ ತೀರ್ಪು ಬಂದದ್ದು 2014ರಲ್ಲಿ. ಸಹಿ ಹಾಕುವ ದಿನ ಪಕ್ಷಗಾರರ ಮನಸ್ಸಿನಲ್ಲಿ ಇದ್ದದ್ದೇನು ಎಂಬ ಪ್ರಶ್ನೆಗೆ ಉತ್ತರ ಬರುತ್ತಿರುವುದು ಬಹುಮಟ್ಟಿಗೆ ಜಗಳದ ದಿನ ಯಾವ ಉತ್ತರ ಕಲಮನ್ನು ಉಳಿಸುತ್ತದೆ ಎಂಬುದರಿಂದ.

ಮುಂಬೈಗೆ ಮರಳೋಣ. ಮಿತ್ತಲ್ ಬಾಂಬೆ ಹೈಕೋರ್ಟ್‌ನಲ್ಲಿ ದಾವೆ ಹೂಡಿದ್ದರು. 2023ರ ಸೆಪ್ಟೆಂಬರ್ 11ರಂದು ನ್ಯಾಯಮೂರ್ತಿ ಮನೀಶ್ ಪಿತಳೆ ಮಧ್ಯಂತರ ಆದೇಶ ಕೊಟ್ಟರು. ಸಿಂಗಪುರದ ತಡೆಯಾಜ್ಞೆಯನ್ನು ವೆಸ್ಟ್‌ಬ್ರಿಜ್ ಮಿತ್ತಲ್ ವಿರುದ್ಧ ಜಾರಿ ಮಾಡಿಸಕೂಡದು. ತಡೆಯಾಜ್ಞೆಗೇ ತಡೆಯಾಜ್ಞೆ.

ಈ ಆದೇಶ ಸಿಂಗಪುರದ ಮೆಟ್ಟಿಲುಗಳನ್ನು ಬಿಟ್ಟು ಕೊನೆಯಿಂದ ಲೆಕ್ಕ ಹಾಕಿತು. ಆರ್ಬಿಟ್ರೇಶನ್ ನಡೆದು ಐತೀರ್ಪು ಬಂತು ಎಂದಿಟ್ಟುಕೊಳ್ಳಿ. ಕಂಪನಿ ಇರುವುದು ಭಾರತದಲ್ಲಿ, ಐತೀರ್ಪು ಜಾರಿಯಾಗಬೇಕಾದದ್ದೂ ಇಲ್ಲೇ. ಜಾರಿ ಭಾರತದ ಆರ್ಬಿಟ್ರೇಶನ್ ಕಾಯ್ದೆಗೆ ಒಳಪಟ್ಟಿದೆ ಎಂದು ಕರಾರೇ ಹೇಳಿತ್ತು. ಆ ಕಾಯ್ದೆಯ 48ನೆಯ ಸೆಕ್ಷನ್ ಪ್ರಕಾರ, ಭಾರತದ ಕಾನೂನಿನಲ್ಲಿ ಆರ್ಬಿಟ್ರೇಶನ್‌ಗೆ ಹೋಗಲಾಗದ ವಿಷಯದ ಮೇಲೆ ವಿದೇಶದಲ್ಲಿ ಐತೀರ್ಪು ಬಂದಿದ್ದರೆ ಇಲ್ಲಿಯ ಕೋರ್ಟು ಅದರ ಜಾರಿಯನ್ನು ನಿರಾಕರಿಸಬಹುದು. 1958ರ ನ್ಯೂಯಾರ್ಕ್ ಒಡಂಬಡಿಕೆಯಿಂದ ಬಂದ ನಿಯಮ ಇದು, ಸಿಂಗಪುರವೂ ಅದರ ಸದಸ್ಯ. ಹಾಗಾದರೆ ಮಿತ್ತಲ್ ಸಿಂಗಪುರದಲ್ಲಿ ಗೆದ್ದರೂ ಆ ಗೆಲುವು ಇಲ್ಲಿ ನಡೆಯುವುದಿಲ್ಲ, ನ್ಯಾಯಮಂಡಳಿಗೆ ಹೋಗಲು ತಡೆಯಾಜ್ಞೆ ಬಿಡುವುದಿಲ್ಲ. ಅವರಿಗೆ ದಿಕ್ಕೇ ಇಲ್ಲದಂತಾಗುತ್ತದೆ ಎಂದಿತು ಹೈಕೋರ್ಟ್. ಒಂದೇ ಕಾಗದ, ಎರಡು ಕೋರ್ಟು. ತಂತಮ್ಮ ನೆಲೆಯಲ್ಲಿ ಎರಡರ ತರ್ಕವೂ ಸರಿಯಾಗಿಯೇ ಇದೆ.

ಮೂರನೆಯ ಕಾನೂನಿನ ತಲೆನೋವು ಆರ್ಬಿಟ್ರೇಶನ್‌ಗೆ ಹೋಗಬಹುದಾದ ಜಗಳ ಯಾವುದು ಎಂಬಲ್ಲಿಗೇ ಮುಗಿಯುವುದಿಲ್ಲ. ಲೆಬನಾನಿನ ಕಬಾಬ್‌ಜಿ ಎಂಬ ಹೋಟೆಲ್ ಕಂಪನಿ 2001ರಲ್ಲಿ ಕುವೈತಿನ ಕಂಪನಿಯೊಂದಕ್ಕೆ ತನ್ನ ಫ್ರಾಂಚೈಸಿ ಕೊಟ್ಟಿತು. ಕರಾರಿಗೆ ಇಂಗ್ಲೆಂಡಿನ ಕಾನೂನು, ಆರ್ಬಿಟ್ರೇಶನ್‌ಗೆ ಪ್ಯಾರಿಸ್. ಮುಂದೆ ಕುವೈತಿನ ಕಂಪನಿ ಕೌಟ್ ಫುಡ್ ಎಂಬ ದೊಡ್ಡ ಸಮೂಹದ ಅಂಗವಾಯಿತು. 2017ರಲ್ಲಿ ಮಧ್ಯಸ್ಥಗಾರರು ಸಹಿಯೇ ಹಾಕದ ಈ ಸಮೂಹದ ಮೇಲೆ ಹೊಣೆ ಹೊರಿಸಿದರು. ಒಪ್ಪಂದದ ಸ್ವಂತ ಕಾನೂನು ಇಂಗ್ಲೆಂಡಿನದು, ಅದರ ಪ್ರಕಾರ ಕೌಟ್ ಫುಡ್ ಬದ್ಧವಲ್ಲ ಎಂದು 2021ರಲ್ಲಿ ಇಂಗ್ಲೆಂಡಿನ ಸುಪ್ರೀಂ ಕೋರ್ಟ್ ಜಾರಿಯನ್ನು ನಿರಾಕರಿಸಿತು. ಸೀಟ್ ಇಲ್ಲಿದೆ, ನಮ್ಮ ನಿಯಮದ ಪ್ರಕಾರ ಬದ್ಧ ಎಂದು ಫ್ರಾನ್ಸಿನ ಕೋರ್ಟುಗಳು ಅದೇ ಐತೀರ್ಪನ್ನು ಎತ್ತಿಹಿಡಿದವು.

ಇಂಗ್ಲೆಂಡಿನವರಿಗೆ ಈ ಗೊಂದಲ ಸಾಕಾಗಿ ಹೋಯಿತು. 2020ರಲ್ಲಿ ಎಂಕಾ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟ್ ಸಿಂಗಪುರದ್ದನ್ನು ಹೋಲುವ ಮೆಟ್ಟಿಲುಗಳನ್ನು ಕಟ್ಟಿತ್ತು. ರಷ್ಯಾದ ವಿದ್ಯುತ್ ಸ್ಥಾವರವೊಂದರ ಬೆಂಕಿ ಅನಾಹುತ, ಟರ್ಕಿಯ ಗುತ್ತಿಗೆ ಕಂಪನಿ, ವಿಮಾ ಕಂಪನಿ, ಲಂಡನ್ನಿನ ಸೀಟ್. ಐವರು ನ್ಯಾಯಮೂರ್ತಿಗಳು ಮೂರು ಮತ್ತು ಎರಡಾಗಿ ಒಡೆದರು. ಇಷ್ಟು ದೊಡ್ಡ ಪೀಠವೇ ಒಮ್ಮತಕ್ಕೆ ಬರಲಾಗದ ನಿಯಮವನ್ನು ವ್ಯಾಪಾರಿಗಳು ಸಹಿ ಹಾಕುವಾಗಲೇ ಲೆಕ್ಕ ಹಾಕಿಕೊಳ್ಳಲಿ ಎನ್ನುವುದು ಹೇಗೆ? ಅಲ್ಲಿಯ ಕಾನೂನು ಆಯೋಗದ ಶಿಫಾರಸಿನಂತೆ ಸಂಸತ್ತು 2025ರಲ್ಲಿ ಕಾಯ್ದೆಯನ್ನೇ ತಿದ್ದಿತು. ಆರ್ಬಿಟ್ರೇಶನ್ ಒಪ್ಪಂದಕ್ಕೆಂದೇ ಸ್ಪಷ್ಟವಾಗಿ ಕಾನೂನು ಹೆಸರಿಸಿದ್ದರೆ ಅದು. ಇಲ್ಲದಿದ್ದರೆ ಸೀಟ್‌ನ ಕಾನೂನು. ಮೂಲ ಕರಾರಿಗೆ ಒಂದು ಕಾನೂನು ಹೇಳಿದ್ದು ಆರ್ಬಿಟ್ರೇಶನ್ ಒಪ್ಪಂದಕ್ಕೂ ಹೇಳಿದಂತಲ್ಲ ಎಂಬುದನ್ನೂ ಕಾಯ್ದೆಯಲ್ಲೇ ಬರೆದರು. ಸರ್ಕಾರದೊಡನೆ ವಿದೇಶಿ ಹೂಡಿಕೆದಾರರ ಒಪ್ಪಂದ ಹೂಡಿಕೆಯ ಅಂತಾರಾಷ್ಟ್ರೀಯ ಒಡಂಬಡಿಕೆಯಿಂದ ಹುಟ್ಟಿದ್ದಾದರೆ ಈ ನಿಯಮ ಹಚ್ಚುವುದಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇನ್ನೊಂದು ದಿಕ್ಕಿಗೆ ಮುಖ ಮಾಡಿತು. ಗುಜರಾತಿನ ಮೆರಿಲ್ ಎಂಬ ವೈದ್ಯಕೀಯ ಸಾಧನಗಳ ಕಂಪನಿ ಮತ್ತು ಕೊಲಂಬಿಯಾದ ಡಿಸಾರ್ಥೋ ನಡುವಿನ ವಿತರಣೆಯ ಕರಾರು ಅದು. ಒಂದು ಕಲಮು ಭಾರತದ ಕಾನೂನು, ಗುಜರಾತಿನ ಕೋರ್ಟು ಎನ್ನುತ್ತಿತ್ತು. ಇನ್ನೊಂದು, ಬೊಗೊಟಾ ನಗರದ ವಾಣಿಜ್ಯ ಮಂಡಳಿಯಲ್ಲಿ ಆರ್ಬಿಟ್ರೇಶನ್ ಎನ್ನುತ್ತಿತ್ತು. ಮಧ್ಯಸ್ಥಗಾರರನ್ನು ನೇಮಿಸುವ ಅಧಿಕಾರ ಭಾರತದ ಕೋರ್ಟಿಗೆ ಇದೆಯೇ ಎಂಬುದು ಪ್ರಶ್ನೆ. ಬೇರೆ ಸೂಚನೆ ಇಲ್ಲದಾಗ ಮೂಲ ಕರಾರಿನ ಕಾನೂನೇ ಆರ್ಬಿಟ್ರೇಶನ್ ಒಪ್ಪಂದಕ್ಕೂ ಅನ್ವಯಿಸುತ್ತದೆ ಎಂಬ ಊಹೆ ಪ್ರಬಲವಾದದ್ದು ಎಂದು ಕೋರ್ಟ್ ಹೇಳಿತು. ಕೊಲಂಬಿಯಾದ ಕಾನೂನಿಗೆ ಅಲ್ಲಿಯ ವಿಚಾರಣೆ ಮತ್ತು ಐತೀರ್ಪಿನಷ್ಟಕ್ಕೆ ಮಾತ್ರ ಜಾಗ ಕೊಟ್ಟು, ಅರ್ಜಿಯನ್ನು ತಾನೇ ಕೈಗೆತ್ತಿಕೊಂಡಿತು. ಕಲಮು ಮೌನವಾಗಿದ್ದರೆ ಲಂಡನ್ನಿನಲ್ಲಿ ಸೀಟ್‌ನ ಕಾನೂನು, ದೆಹಲಿಯಲ್ಲಿ ಕರಾರಿನ ಕಾನೂನು, ಸಿಂಗಪುರದಲ್ಲಿ ಕರಾರಿನದರಿಂದ ಶುರುವಾಗಿ ಅಗತ್ಯ ಬಿದ್ದರೆ ಸೀಟ್‌ನದು.

ಹಾಗಾಗಿ ಮೌನ ಮುರಿಯುವುದೇ ಲೇಸು. ‘ಈ ಆರ್ಬಿಟ್ರೇಶನ್ ಒಪ್ಪಂದಕ್ಕೆ ಅನ್ವಯಿಸುವ ಕಾನೂನು ಇಂಥ ದೇಶದ್ದು’ ಎಂದು ಅದೇ ಕಲಮಿನೊಳಗೆ ಒಂದು ಸಾಲು ಬರೆದರೆ ಮೊದಲ ಮೆಟ್ಟಿಲಿನಲ್ಲೇ ವಾದ ಮುಗಿಯುತ್ತದೆ. ಹಾಂಗ್‌ಕಾಂಗ್‌ನ ಆರ್ಬಿಟ್ರೇಶನ್ ಕೇಂದ್ರದ ಮಾದರಿ ಕಲಮಿನಲ್ಲಿ ಈ ಸಾಲಿಗೆಂದೇ ಜಾಗವಿದೆ. ಯಾವ ದೇಶವನ್ನು ಹೆಸರಿಸಬೇಕು ಎಂಬುದು ಮುಖ್ಯ. ಮಿತ್ತಲ್ ಕರಾರಿನಲ್ಲಿ ಭಾರತ ಎಂದು ಬರೆದಿದ್ದರೆ ಸಿಂಗಪುರದ ಕೋರ್ಟೇ ದಬ್ಬಾಳಿಕೆಯ ದೂರನ್ನು ಆರ್ಬಿಟ್ರೇಶನ್‌ನಿಂದ ಹೊರಗಿಡಬೇಕಾಗುತ್ತಿತ್ತು. ಸಿಂಗಪುರ ಎಂದು ಬರೆದಿದ್ದರೆ ಅಲ್ಲಿ ಬಂದ ಫಲಿತಾಂಶವೇ ಇನ್ನೂ ಬೇಗ ಬರುತ್ತಿತ್ತು. ಆದರೆ ಆಗಲೂ 48ನೆಯ ಸೆಕ್ಷನ್ ಇದ್ದಲ್ಲೇ ಇರುತ್ತಿತ್ತು. ಐತೀರ್ಪನ್ನು ಜಾರಿ ಮಾಡಬೇಕಾದ ದೇಶ ಯಾವ ಜಗಳವನ್ನು ಆರ್ಬಿಟ್ರೇಶನ್‌ಗೆ ಬಿಡುತ್ತದೆ ಎಂಬುದನ್ನು ಪಕ್ಷಗಾರರು ಸಹಿ ಹಾಕಿ ಬದಲಿಸಲಾಗದು. ಆದ್ದರಿಂದ ಕಲಮು ಬರೆಯುವವರು ಆಸ್ತಿ ಎಲ್ಲಿದೆ, ಹುಟ್ಟಬಹುದಾದ ಜಗಳ ಯಾವ ಬಗೆಯದು ಎಂದು ಮೊದಲು ಕೇಳಿಕೊಂಡು, ಆಮೇಲೆ ದೇಶದ ಹೆಸರಿಗೆ ಬರುವುದು ಒಳ್ಳೆಯದು.

ಹಳೆಯ ಕರಾರುಗಳಿದ್ದವರೂ ಅವನ್ನು ಒಮ್ಮೆ ತೆರೆದು ನೋಡಬೇಕು. ಇಂಗ್ಲೆಂಡಿನ ಹೊಸ ನಿಯಮ ಜಾರಿಗೆ ಬಂದದ್ದು 2025ರ ಆಗಸ್ಟ್ 1ರಂದು. ಅದು ನೋಡುವುದು ಆರ್ಬಿಟ್ರೇಶನ್ ಶುರುವಾದ ದಿನವನ್ನು, ಕರಾರಿಗೆ ಸಹಿ ಬಿದ್ದ ದಿನವನ್ನಲ್ಲ. ಹತ್ತು ವರ್ಷದ ಹಿಂದೆ ಭಾರತದ ಕಾನೂನು, ಲಂಡನ್ನಿನ ಸೀಟ್ ಎಂದು ಬರೆದು ಕಪಾಟಿನಲ್ಲಿಟ್ಟ ಕರಾರಿದ್ದರೆ, 2025ರ ಜುಲೈನಲ್ಲಿ ಶುರುವಾದ ಜಗಳದಲ್ಲಿ ಅದರ ಆರ್ಬಿಟ್ರೇಶನ್ ಕಲಮಿಗೆ ಲಂಡನ್ನಿನ ಕೋರ್ಟು ಭಾರತದ ಕಾನೂನನ್ನು ಹಚ್ಚುವ ಸಂಭವವೇ ಹೆಚ್ಚು. ಆಗಸ್ಟ್‌ನಲ್ಲಿ ಶುರುವಾದರೆ ಇಂಗ್ಲೆಂಡಿನದು.